ಮೈಸೂರಿನಿಂದ ಲಂಡನ್ನಿಗೆ, ಮಗಳ ಔಷಧದೊಂದಿಗೆ

ಜೂನ್‌ನಲ್ಲಿ ಲಂಡನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ ಇರುತ್ತದೆ. ನಾದಿನಿಯ ಮನೆಗೆ ಹೊರಟ ನಮಗೆ ವೀಸಾಕ್ಕಿಂತ ಹೆಚ್ಚು ತಲೆ ತಿಂದದ್ದು ಈ ನಾಲ್ಕೂವರೆ ಗಂಟೆಯೇ. ಆರು ವರ್ಷದ ಮಗಳಿಗೆ ಮೂರ್ಛೆರೋಗ. ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ ಲೆವೆಟಿರಾಸಿಟಮ್ ಸಿರಪ್ ತಪ್ಪುವಂತಿಲ್ಲ. "ಅಲ್ಲಿ ರಾತ್ರಿಯಾದಾಗ ಕೊಟ್ಟರಾಯಿತಲ್ಲಮ್ಮ" ಎಂದರು ಅತ್ತೆ. ಹಾಗೆ ಮಾಡಿದರೆ ಎರಡು ಡೋಸ್‌ಗಳ ನಡುವೆ ಹದಿನಾರೂವರೆ ಗಂಟೆ ಕಳೆದು, ರಕ್ತದಲ್ಲಿ ಔಷಧದ ಮಟ್ಟ ಇಳಿದು, ಮೂರ್ಛೆ ಬರಬಹುದು.

ಸರಸ್ವತಿಪುರಂನಲ್ಲಿರುವ ನಮ್ಮ ವೈದ್ಯರು ಚೀಟಿಯ ಹಿಂಬದಿಯಲ್ಲೇ ಲೆಕ್ಕ ಹಾಕಿಕೊಟ್ಟರು. ಬೆಳಗಿನ ಡೋಸ್ ವಿಮಾನದಲ್ಲಿ, ನಮ್ಮ ಸಮಯಕ್ಕೇ. ರಾತ್ರಿಯದೂ ನಮ್ಮ ಎಂಟು ಗಂಟೆಗೇ, ಅಂದರೆ ಲಂಡನ್ನಿನ ಮಧ್ಯಾಹ್ನ ಮೂರೂವರೆಗೆ. ಅಲ್ಲಿಂದ ಪ್ರತಿ ಡೋಸನ್ನೂ ಒಂದೂವರೆ ಗಂಟೆ ಮುಂದೂಡುವುದು: ಬೆಳಗಿನ ಜಾವ ಐದು, ಸಂಜೆ ಆರೂವರೆ, ಮರುದಿನ ಬೆಳಿಗ್ಗೆ ಎಂಟು. ಹಿಂತಿರುಗುವಾಗ ಇದೇ ಕ್ರಮ ತಿರುವುಮುರುವು. ಇದು ನಮ್ಮ ಮಗಳಿಗೆ, ಈ ಔಷಧಕ್ಕೆ ಹಾಕಿದ ಲೆಕ್ಕ. ಬೇರೆ ಮಕ್ಕಳ ಲೆಕ್ಕವನ್ನು ಅವರವರ ವೈದ್ಯರೇ ಹಾಕಬೇಕು.

ಚೀಟಿಯಲ್ಲಿ "2.5 ಮಿ.ಲೀ." ಎಂದಷ್ಟೇ ಇದ್ದುದನ್ನು "250 ಮಿ.ಗ್ರಾಂ, ಅಂದರೆ 100 ಮಿ.ಗ್ರಾಂ/ಮಿ.ಲೀ. ಸಿರಪ್‌ನಲ್ಲಿ 2.5 ಮಿ.ಲೀ." ಎಂದು ತಿದ್ದಿಸಿಕೊಂಡೆವು. ಬಾಟಲಿ ಒಡೆದು ಅಲ್ಲಿ ಬೇರೆ ಸಾಂದ್ರತೆಯದು ಸಿಕ್ಕರೆ ಮಿ.ಲೀ. ನಂಬುವಂತಿಲ್ಲ. ನಮ್ಮ ಕಂಪನಿಯ ಹೆಸರು ಅಲ್ಲಿನ ಔಷಧದಂಗಡಿಗೆ ಗೊತ್ತಿರದೆಯೂ ಇರಬಹುದು. ಹಾಗಾಗಿ ಔಷಧದ ಮೂಲ ಹೆಸರೇ ಇರಬೇಕು. ನಮ್ಮ ಕಡೆಯ ಬಾಟಲಿಗಳ ಮೇಲೆ ರೋಗಿಯ ಹೆಸರು ಅಂಟಿಸುವ ರೂಢಿಯಿಲ್ಲ. ಅದು ಯಾರ ಔಷಧವೆಂದು ತೋರಿಸಲು ಇರುವುದು ಚೀಟಿ ಮತ್ತು ಬಿಲ್ ಮಾತ್ರ. ಎರಡರಲ್ಲೂ ಪಾಸ್‌ಪೋರ್ಟ್‌ನಲ್ಲಿರುವ ಪೂರ್ಣ ಹೆಸರನ್ನೇ ಬರೆಸಿದೆವು. ಇನಿಷಿಯಲ್ ಹಾಕಿ ಮುಗಿಸುವ ನಮ್ಮ ಅಭ್ಯಾಸ ಇಲ್ಲಿ ನಡೆಯದು.

ದಿನಕ್ಕೆ 5 ಮಿ.ಲೀ., ಹದಿನೈದು ದಿನಕ್ಕೆ 75. ಲೆಕ್ಕಕ್ಕೆ 100ರ ಒಂದು ಬಾಟಲಿ ಸಾಕು, ಧೈರ್ಯಕ್ಕೆ ಸಾಲದು. ಸೀಲ್ ತೆಗೆಯದ ಎರಡು ಬಾಟಲಿಗಳಲ್ಲಿ ಒಂದು ನನ್ನ ಕೈಚೀಲಕ್ಕೆ, ಇನ್ನೊಂದು ಯಜಮಾನರ ಚೀಲಕ್ಕೆ ಹೋಯಿತು. ಸೂಟ್‌ಕೇಸಿಗೆ ಒಂದೂ ಇಲ್ಲ. ಅದು ಬೇರೆ ಊರಿಗೆ ಹೋದರೆ ಬಟ್ಟೆ ಕೊಳ್ಳಬಹುದು, ಇದನ್ನು ಹಾಗೆ ಕೊಳ್ಳಲಾಗದು. ಅಳೆಯುವ ಸಿರಿಂಜ್‌ಗಳನ್ನೂ ಹೆಚ್ಚಿಗೆ ಇಟ್ಟುಕೊಂಡೆವು. ಚಮಚದ ಅಳತೆ ಮನೆಗೊಂದು ಬಗೆ.

ತುರ್ತಿಗೆಂದು ಕೊಟ್ಟ ಮಿಡಜೋಲಾಮ್ ಮೂಗಿನ ಸ್ಪ್ರೇ ಕಥೆ ಬೇರೆ. ಅದು ನಿಯಂತ್ರಿತ ಔಷಧ. ಬ್ರಿಟನ್ನಿಗೆ ಮೂರು ತಿಂಗಳಿಗಿಂತ ಕಡಿಮೆ ಅವಧಿಗೆ ಬೇಕಾದಷ್ಟು ಒಯ್ಯಲು ಪರವಾನಗಿ ಬೇಡ, ಆದರೆ ಔಷಧದ ಹೆಸರು, ಪ್ರಮಾಣ, ಪ್ರಯಾಣದ ವಿವರವಿರುವ ವೈದ್ಯರ ಸಹಿಯ ಪತ್ರ ಬೇಕು. ದುಬೈನಲ್ಲಿ ಇಳಿದು ಎರಡು ದಿನ ಸುತ್ತೋಣ ಎಂಬ ಯಜಮಾನರ ಆಸೆ ಬಿದ್ದುಹೋದದ್ದೂ ಇದರಿಂದಲೇ. ಅಲ್ಲಿ ಇಂಥ ಔಷಧಕ್ಕೆ ಮೊದಲೇ ಅನುಮತಿ ಪಡೆಯಬೇಕು.

ರಾತ್ರಿಯ ಫ್ಲೈಬಸ್ಸಿನಲ್ಲಿ ಮಗಳು ಮದ್ದೂರು ದಾಟುವ ಮೊದಲೇ ನಿದ್ದೆಹೋದಳು. ಬೆಂಗಳೂರಿನ ತಪಾಸಣೆಯಲ್ಲಿ ಬಾಟಲಿಗಳನ್ನು ಹೊರಗಿಟ್ಟು, ಕೇಳುವ ಮೊದಲೇ ಚೀಟಿ ತೋರಿಸಿದೆವು. ಸಿಬ್ಬಂದಿ ಹೆಸರು ಹೋಲಿಸಿ ಬಿಟ್ಟರು. ಮೂರೂವರೆಯ ಡೋಸ್ ನಾದಿನಿಯ ಮನೆಯಲ್ಲಾಯಿತು. ಬೆಳಗಿನ ಐದಕ್ಕೆ ಅಲಾರಂ ಬೇಕಾಗಲೇ ಇಲ್ಲ. ಮೈಸೂರಿನಲ್ಲಿ ಆಗ ಒಂಬತ್ತೂವರೆ, ಅವಳು ಆಗಲೇ ಎದ್ದು ದೋಸೆ ಕೇಳುತ್ತಿದ್ದಳು.