ಏಪ್ರಿಲ್ ಬಿಸಿಲಲ್ಲಿ ಸ್ವೆಟರ್

"ಈ ಬಿಸಿಲಲ್ಲೂ ನಿಮಗೆ ಚಳಿ ಆಗುತ್ತಾ?"

ಮಂಗಳವಾರ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ ಇದು. ನಾನು ಹೋಗಿದ್ದು ಮುಟ್ಟು ನಿಂತಿದೆ ಅಂತ. 52 ದಿನ ಆಗಿತ್ತು. ಮನೆಯಲ್ಲಿ ಎರಡು ಸಲ ಟೆಸ್ಟ್ ಮಾಡಿದ್ದೆ, ಎರಡು ಸಲವೂ ಒಂದೇ ಗೆರೆ. ಅದನ್ನು ಹೇಳುವ ಮೊದಲೇ ಅವರ ಕಣ್ಣು ನನ್ನ ಸ್ವೆಟರ್ ಮೇಲೆ ಬಿತ್ತು. ದಾವಣಗೆರೆಯ ಏಪ್ರಿಲ್ ಅದು. ಕಾಯುವ ಜಾಗದಲ್ಲಿ ಎಲ್ಲರೂ ಫ್ಯಾನ್ ಕೆಳಗಿನ ಕುರ್ಚಿ ಹುಡುಕುತ್ತಿದ್ದರು. ನಾನು ಅದರಿಂದ ದೂರ ಹೋಗಿ ಕೂತಿದ್ದೆ.

"ಬ್ಯಾಂಕಲ್ಲಿ ಎಸಿ ಜಾಸ್ತಿ ಮೇಡಂ, ಅದೇ ಅಭ್ಯಾಸ ಆಗಿದೆ" ಅಂದೆ. ಅವರು "ಇಲ್ಲಿ ಎಸಿ ಇಲ್ವಲ್ಲಮ್ಮ" ಅಂದರು, ಅಷ್ಟೇ. ಆ ಮಾತು ಈ ವಾರವೆಲ್ಲ ನನ್ನ ಕಿವಿಯಲ್ಲೇ ಇದೆ.

ಮಗನಿಗೆ ಈಗ ಹತ್ತು ತಿಂಗಳು. ಏಳನೇ ತಿಂಗಳಲ್ಲಿ ಮುಟ್ಟು ಮರಳಿತ್ತು. ಎರಡು ಸಲ ಸರಿಯಾಗಿ ಬಂತು, ಆಮೇಲೆ ನಿಂತುಹೋಯಿತು. ಅತ್ತೆ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. "ಹಾಲು ಕುಡಿಸೋವಾಗ ಹಾಗೇ ಕಣಮ್ಮ, ನನಗೆ ಒಂದೂವರೆ ವರ್ಷ ಆಗಿರಲೇ ಇಲ್ಲ" ಅಂದರು. ಮಾರ್ಚ್ ಕೊನೆಯ ಲೆಕ್ಕದ ಕೆಲಸದಲ್ಲಿ ರಾತ್ರಿ ಎಂಟರ ತನಕ ಕೂರುತ್ತಿದ್ದೆನಲ್ಲ, ಅದರ ಟೆನ್ಷನ್ ಅಂದರು ನಮ್ಮ ಯಜಮಾನರು. ಪಕ್ಕದ ಮನೆಯ ಅಕ್ಕ ಮಾತ್ರ ಪಪ್ಪಾಯಿ, ಎಳ್ಳು ಬೆಲ್ಲ ತಿನ್ನು ಅಂದರು. ಅದಕ್ಕೂ ಆಗದಿದ್ದರೆ ಮೆಡಿಕಲ್ ಶಾಪಲ್ಲಿ ಮುಟ್ಟು ಬರಿಸೋ ಮಾತ್ರೆ ಸಿಗುತ್ತೆ ಅಂತ ಪಿಸುಗುಟ್ಟಿದರು. ಅವರದ್ದು ಒಳ್ಳೆಯ ಮನಸ್ಸೇ. ಆದರೆ ಯಾಕೆ ನಿಂತಿದೆ ಅಂತ ಗೊತ್ತಾಗದೆ ಬರಿಸುವುದು ನನಗೆ ಸರಿ ಅನ್ನಿಸಲಿಲ್ಲ.

ಡಾಕ್ಟರ್ ಮೊದಲು ಟೆಸ್ಟ್ ಯಾವಾಗ ಮಾಡಿದ್ದು ಅಂತ ಕೇಳಿದರು. ಮುಟ್ಟಿನ ದಿನ ದಾಟಿ ಇಷ್ಟು ದಿನಕ್ಕೆ ಅಂತ ಲೆಕ್ಕ ಒಪ್ಪಿಸಿದೆ. ನಿಮ್ಮಂಥವರಿಗೆ ಆ ಲೆಕ್ಕ ನಡೆಯಲ್ಲ ಅಂದರು. ಅಂಡ ಬಿಡುಗಡೆ ಆದ ಮೇಲೆ ಮುಟ್ಟಿಗೆ ಸುಮಾರು ಎರಡು ವಾರ, ಆ ಎರಡು ವಾರ ಅಷ್ಟು ಸುಲಭಕ್ಕೆ ಹೆಚ್ಚು ಕಡಿಮೆ ಆಗಲ್ಲ. ಹಿಂದೆ ಮುಂದೆ ಆಗುವುದು ಅಂಡ ಬಿಡುಗಡೆಯೇ. ಟೆನ್ಷನ್ ಆಗಲಿ, ಹಾಲೂಡಿಸುವುದಾಗಲಿ ತಡೆಯುವುದು ಅದನ್ನೇ. ಹಾಗಾಗಿ ಮುಟ್ಟು ಇಪ್ಪತ್ತು ದಿನ ತಡ ಅಂತ ನಾವು ಅಂದುಕೊಂಡಾಗ, ಅಂಡ ಹೋದ ವಾರವಷ್ಟೇ ಹೊರಗೆ ಬಂದಿರಬಹುದು. ಗರ್ಭ ನಿಂತಿದ್ದರೂ ಆಗ ಟೆಸ್ಟ್‌ನಲ್ಲಿ ಒಂದೇ ಗೆರೆ ಬರುತ್ತೆ. ಗಂಡ ಹೆಂಡತಿ ಕೊನೆಯ ಸಲ ಸೇರಿದ ದಿನದಿಂದ ಮೂರು ವಾರ ಕಳೆದ ಮೇಲೆ, ಬೆಳಗಿನ ಮೊದಲ ಮೂತ್ರದಲ್ಲಿ ಮಾಡಿದ ಟೆಸ್ಟ್ ಅನ್ನು ನಂಬಬಹುದು. ನನಗೆ ಆ ಮೂರು ವಾರ ಕಳೆದಿತ್ತು. ಆದರೂ ಅಲ್ಲೇ ಮತ್ತೊಮ್ಮೆ ಮಾಡಿಸಿದರು. ಒಂದೇ ಗೆರೆ.

"ಮಗು ರಾತ್ರಿ ಎಷ್ಟು ಸಲ ಹಾಲು ಕುಡಿಯುತ್ತೆ?" ಅಂದರು. ಒಂದು ಸಲ, ಕೆಲವು ದಿನ ಅದೂ ಇಲ್ಲ. ಹಗಲು ರಾಗಿ ಸರಿ, ಅನ್ನ ಬೇಳೆ ತಿನ್ನುತ್ತಾನೆ. ನಾನು ಹಾಲು ಕುಡಿಸುವುದು ಬೆಳಿಗ್ಗೆ ಮತ್ತು ಸಂಜೆ. ಹಗಲು ರಾತ್ರಿ ಪದೇ ಪದೇ ಮಗು ಚೀಪುತ್ತಿದ್ದರೆ ಹಾಲು ಬರಿಸುವ ಹಾರ್ಮೋನು ಪ್ರೊಲ್ಯಾಕ್ಟಿನ್ ಮೇಲೇ ಇರುತ್ತೆ, ಅಂಡ ಬಿಡುಗಡೆ ಆಗಲ್ಲ. ಹಾಲು ಕಡಿಮೆ ಆಗುತ್ತಾ ಬಂದ ಮೇಲೆ, ಅದೂ ಎರಡು ಸಲ ಮುಟ್ಟು ಬಂದ ಮೇಲೆ, ಹಾಲಿನಿಂದಲೇ ಮತ್ತೆ ನಿಂತಿತು ಅಂತ ಸುಮ್ಮನೆ ಬಿಡೋಕೆ ಆಗಲ್ಲ ಅಂದರು. ಅತ್ತೆಯ ಮಾತು ಅವರ ಕಾಲಕ್ಕೆ ನಿಜ. ಅವರು ಒಂದು ವರ್ಷ ಹಗಲೂ ರಾತ್ರಿ ಕುಡಿಸಿದವರು.

ಆಮೇಲೆ ಮತ್ತೆ ಸ್ವೆಟರ್‌ಗೆ ಬಂದರು. ಕೂದಲು? ಹಿಡಿ ಹಿಡಿ ಉದುರುತ್ತೆ. ಹೊಟ್ಟೆ? ಮೂರು ದಿನಕ್ಕೊಮ್ಮೆ. ಸುಸ್ತು? ಹೇಳಬೇಕಾ. ಪ್ರತಿಯೊಂದಕ್ಕೂ ನನ್ನ ಹತ್ತಿರ ಒಂದು ಕಾರಣ ಇತ್ತು. ಹೆರಿಗೆ ಆದಮೇಲೆ ಕೂದಲು ಉದುರುತ್ತೆ ಅಲ್ವಾ. ನಿದ್ದೆ ಇಲ್ಲದೆ ಸುಸ್ತು ಅಲ್ವಾ.

ರಕ್ತ ಕೊಟ್ಟು ಬಂದೆ. ಮಾರನೆಯ ದಿನ ರಿಪೋರ್ಟ್ ಬಂತು. ಟಿಎಸ್‌ಎಚ್ 18. ಅದು ಸುಮಾರು ನಾಲ್ಕರ ಒಳಗೆ ಇರಬೇಕಂತೆ. ಟಿಎಸ್‌ಎಚ್ ಅಂದರೆ ಥೈರಾಯ್ಡ್ ಗ್ರಂಥಿಗೆ ಮೆದುಳಿನ ಬುಡದಿಂದ ಬರುವ ಆಜ್ಞೆ. ಗ್ರಂಥಿ ಕೆಲಸ ಮಾಡದಿದ್ದಷ್ಟೂ ಆಜ್ಞೆ ಜೋರಾಗುತ್ತೆ, ಅಂಕಿ ಮೇಲೇರುತ್ತೆ. ಅದನ್ನು ಏರಿಸುವ ಹಾರ್ಮೋನು ಪ್ರೊಲ್ಯಾಕ್ಟಿನ್ ಅನ್ನೂ ಏರಿಸಬಲ್ಲದು. ಮಗು ಹಾಲು ಬಿಡುತ್ತಾ ಬಂದಿದ್ದರೂ ನನ್ನ ಮುಟ್ಟು ನಿಂತಿದ್ದಕ್ಕೆ ಇದೇ ಕಾರಣ ಇರಬಹುದು ಅಂದರು.

"ಬಸುರಿ ಇದ್ದಾಗ ನೋಡಿದ್ರು ಮೇಡಂ, ನಾರ್ಮಲ್ ಇತ್ತು" ಅಂದೆ. ಅದು ಬೇರೆ, ಇದು ಹೆರಿಗೆಯ ನಂತರ ಬರೋದು ಅಂದರು. ಕೆಲವು ಹೆಂಗಸರಲ್ಲಿ ಹೆರಿಗೆಯಾದ ಮೇಲೆ ದೇಹದ ರಕ್ಷಣಾ ಶಕ್ತಿಯೇ ಥೈರಾಯ್ಡ್ ಮೇಲೆ ತಿರುಗಿ ಬೀಳುತ್ತೆ, ಗ್ರಂಥಿ ಬಾತುಕೊಳ್ಳುತ್ತೆ. ನೋವೇ ಇರುವುದಿಲ್ಲ. ಮೊದಮೊದಲು ಒಳಗೆ ಕೂಡಿಟ್ಟ ಹಾರ್ಮೋನು ಒಂದೇ ಸಲ ರಕ್ತಕ್ಕೆ ಸೋರುತ್ತೆ. ಎದೆ ಹೊಡೆದುಕೊಳ್ಳುತ್ತೆ, ಬೆವರು, ಕೈ ನಡುಕ, ತೂಕ ಇಳಿಯುತ್ತೆ. ಕೆಲವು ತಿಂಗಳಿಗೆ ಕೂಡಿಟ್ಟಿದ್ದು ಖಾಲಿ ಆಗಿ ಚಳಿ, ಸುಸ್ತು ಶುರು.

ಅವರು ಇಷ್ಟು ಹೇಳುವಾಗ ನನಗೆ ಮಗನ ಮೂರನೇ ತಿಂಗಳು ನೆನಪಾಯಿತು. ಮಗು ಮಲಗಿರುತ್ತಿತ್ತು, ನಾನು ಎದೆ ಹಿಡಿದುಕೊಂಡು ಕತ್ತಲಲ್ಲಿ ಕೂತಿರುತ್ತಿದ್ದೆ. ಲೋಟ ಹಿಡಿದರೆ ಕೈ ನಡುಗುತ್ತಿತ್ತು. ಚೊಚ್ಚಲು, ಹೆದರಿಕೆ, ಹಾಗಾಗುತ್ತೆ ಅಂದರು ಎಲ್ಲರೂ. "ಸುಮ್ನೆ ಟೆನ್ಷನ್ ಮಾಡ್ಕೋತೀಯ" ಅಂದರು ಇವರು. ನಾನೂ ನಂಬಿದೆ. ನಾನು ಒಳ್ಳೆಯ ತಾಯಿ ಅಲ್ಲವೇನೋ ಅಂತ ಅತ್ತಿದ್ದೇನೆ. ಬಾಣಂತಿಗೆ ಎಣ್ಣೆ ನೀರು, ಖಾರ, ಪಥ್ಯ ಎಲ್ಲವನ್ನೂ ನಮ್ಮವರು ಪ್ರೀತಿಯಿಂದ ಮಾಡುತ್ತಾರೆ. ಆದರೆ ಅವಳು ಏನೇ ಹೇಳಿದರೂ ಬಾಣಂತಿ ಅಲ್ವಾ ಅಂತ ಮುಗಿಸಿಬಿಡುತ್ತಾರೆ. ನನಗೆ ಸಿಟ್ಟು ಬಂದಿದ್ದು ಇದಕ್ಕೆ. ಇವರ ಮೇಲೆ ಆ ರಾತ್ರಿ ರೇಗಿದೆ ಕೂಡ. ಅವರು ಏನೂ ಅನ್ನದೆ ರಿಪೋರ್ಟನ್ನು ಮತ್ತೆ ಮತ್ತೆ ಓದಿದರು.

ಈಗ ಬೆಳಿಗ್ಗೆ ಐದೂವರೆಗೆ ಖಾಲಿ ಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆ, ಬರೀ ನೀರಿನಲ್ಲಿ. ಒಂದು ಗಂಟೆ ಕಾಫಿ ಇಲ್ಲ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಜೊತೆಗೆ ಹೋದರೆ ಇದು ಮೈಗೆ ಹತ್ತಲ್ಲ ಅಂತ ನಾಲ್ಕು ಗಂಟೆಯ ಅಂತರ ಹೇಳಿದ್ದಾರೆ. ಅವೆರಡೂ ಈಗ ಮಧ್ಯಾಹ್ನಕ್ಕೆ, ರಾತ್ರಿಗೆ ಹೋಗಿವೆ. ಹಾಲು ಕುಡಿಸಲು ತೊಂದರೆ ಇಲ್ಲ. ಆರು ವಾರ ಬಿಟ್ಟು ಮತ್ತೆ ರಕ್ತ ನೋಡುತ್ತಾರೆ. ಹೆಚ್ಚಿನವರಿಗೆ ವರ್ಷದೊಳಗೋ ಒಂದೂವರೆ ವರ್ಷಕ್ಕೋ ಗ್ರಂಥಿ ಚೇತರಿಸಿಕೊಳ್ಳುತ್ತಂತೆ, ಕೆಲವರಿಗೆ ಮಾತ್ರೆ ಶಾಶ್ವತ. ಮುಟ್ಟು ಇನ್ನೂ ಬಂದಿಲ್ಲ. ಬರುವ ಮೊದಲೇ ಗರ್ಭ ನಿಲ್ಲಬಹುದು, ಮುಟ್ಟಿಲ್ಲ ಅಂತ ಧೈರ್ಯವಾಗಿರಬೇಡಿ ಅಂದಿದ್ದಾರೆ.

ನಿನ್ನೆ ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ಹತ್ತು ವರ್ಷದಿಂದ ಇದೇ ಮಾತ್ರೆ ತಿನ್ನುತ್ತಾಳೆ. ಮನೆಯಲ್ಲಿ ಒಬ್ಬರಿಗಿದ್ದರೆ ಮಕ್ಕಳಿಗೂ ಬರುವ ಸಾಧ್ಯತೆ ಜಾಸ್ತಿ ಅಂತ ಅವಳಿಗೂ ಗೊತ್ತಿರಲಿಲ್ಲ, ನನಗೂ ಇಲ್ಲ. ಆಮೇಲೆ ತಂಗಿ ನೆನಪಾದಳು. ಅವಳಿಗೆ ಹೆರಿಗೆಯಾಗಿ ಮೂರು ತಿಂಗಳು.

"ರಾತ್ರಿ ಎದೆ ಹೊಡ್ಕೊಳ್ಳುತ್ತೇನೇ ನಿಂಗೆ?" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅದು ನಿದ್ದೆಗೆಟ್ಟಿದ್ದಕ್ಕೆ ಅಲ್ವಾ ಅಕ್ಕಾ?" ಅಂದಳು.

ಶನಿವಾರ ಅವಳನ್ನು ರಕ್ತ ಪರೀಕ್ಷೆಗೆ ನಾನೇ ಕರೆದುಕೊಂಡು ಹೋಗುತ್ತಿದ್ದೇನೆ.