ಡೆಲ್ಟಾ 0.58, ಐಟಿಎಂ 42: ಮೂರು ಭಾನುವಾರ ತಿಂದ ಲೆಕ್ಕ

ಕೊನೆಗೂ ಸಿಕ್ಕಿತು. ಮೂರು ಭಾನುವಾರ ಕೋಡಿನಲ್ಲಿ ಹುಡುಕಿದ ತಪ್ಪು ಕೋಡಿನಲ್ಲಿ ಇರಲೇ ಇಲ್ಲ. ನಾನು ಬಾಯಿಪಾಠ ಮಾಡಿಕೊಂಡಿದ್ದ ಒಂದು ಮಾತಿನಲ್ಲಿ ಇತ್ತು.

ಆ ಮಾತು ನಿಮಗೂ ಗೊತ್ತು. ಮಲ್ಲೇಶ್ವರದ ನನ್ನ ಗೆಳೆಯ ವಾರವಾರ ನಿಫ್ಟಿ ಆಪ್ಷನ್ ಮಾರುತ್ತಾನೆ. "ನೋಡೋ, ಡೆಲ್ಟಾ 0.20 ಇರೋ ಕಾಲ್ ಮಾರಿದ್ರೆ ನೂರರಲ್ಲಿ ಇಪ್ಪತ್ತು ಸಲ ಮಾತ್ರ ಐಟಿಎಂ ಆಗತ್ತೆ" ಅನ್ನುತ್ತಾನೆ. ಕಾಲ್ ಐಟಿಎಂ ಆಗುವುದು ಅಂದರೆ ಕೊನೆಯ ದಿನ ಬೆಲೆ ಸ್ಟ್ರೈಕ್ ದಾಟಿ ಮುಗಿಯುವುದು. ಡೆಲ್ಟಾ ಅಂದರೆ ಷೇರು ಒಂದು ರೂಪಾಯಿ ಏರಿದರೆ ಪ್ರೀಮಿಯಂ ಎಷ್ಟು ಏರುತ್ತದೆ ಎಂಬ ಸಂಖ್ಯೆ, ಅಲ್ವಾ? ಅದೇ ಸಂಖ್ಯೆ ಐಟಿಎಂ ಆಗುವ ಸಾಧ್ಯತೆಯನ್ನೂ ಯಾಕೆ ಹೇಳಬೇಕು? ಇದನ್ನು ಕಣ್ಣಾರೆ ನೋಡೋಣ ಅಂತಲೇ ಸಿಮ್ಯುಲೇಟರ್ ಬರೆಯಲು ಕೂತೆ.

ಲೆಕ್ಕ ಸುಲಭವಾಗಲಿ ಎಂದು ಷೇರು 100, ಸ್ಟ್ರೈಕ್ 100, ಅವಧಿ ಒಂದು ವರ್ಷ, ವೊಲಟಿಲಿಟಿ 40 ಪರ್ಸೆಂಟ್, ಬಡ್ಡಿ ಸೊನ್ನೆ ಎಂದು ಇಟ್ಟುಕೊಂಡೆ. ಷೇರಿನ ಬೆಲೆ ಸಾಗಬಹುದಾದ ಒಂದು ಲಕ್ಷ ದಾರಿಗಳು. ಪ್ರೀಮಿಯಂ 15.85 ಬಂತು, ಸೂತ್ರಕ್ಕೆ ಸರಿಹೊಂದಿತು. ಷೇರನ್ನು 101ಕ್ಕೆ ಏರಿಸಿದೆ, ಪ್ರೀಮಿಯಂ 16.44 ಆಯಿತು. ಏರಿದ್ದು ಸುಮಾರು 58 ಪೈಸೆ, ಅಂದರೆ ಡೆಲ್ಟಾ 0.58. (ಎರಡೂ ಸಲ ಒಂದೇ ಸೀಡ್ ಇಡಿ. ಇಲ್ಲದಿದ್ದರೆ ಈ 58 ಪೈಸೆಯ ಮೇಲೆ ಹದಿಮೂರು ಪೈಸೆಯಷ್ಟು ಗದ್ದಲ ಸೇರಿಕೊಳ್ಳುತ್ತದೆ.) ಆಮೇಲೆ 100ಕ್ಕಿಂತ ಮೇಲೆ ಮುಗಿದ ದಾರಿಗಳನ್ನು ಎಣಿಸಿದೆ. 58 ಪರ್ಸೆಂಟ್ ಬರಬೇಕಿತ್ತು. ಬಂದದ್ದು 42.

ಒಂದು ಲಕ್ಷ ದಾರಿಗಳಲ್ಲಿ ಇಂಥ ಎಣಿಕೆಯ ಏರುಪೇರು 0.16 ಪರ್ಸೆಂಟಿನಷ್ಟು. ಹದಿನಾರು ಪರ್ಸೆಂಟ್ ಅಂತರ ಅದೃಷ್ಟದ್ದಲ್ಲ. ಎಲ್ಲೋ ತಪ್ಪಿದೆ ಅನ್ನಿಸಿತು.

ಮೊದಲ ಭಾನುವಾರ ಡೇಟಾ ಮೇಲೆ ಅನುಮಾನಪಟ್ಟು ಹಾಳಾಯಿತು. ಹೋಲಿಸಿ ನೋಡಲು ದುಡ್ಡು ಕೊಟ್ಟು ತರಿಸಿದ ಹಳೆಯ ಆಪ್ಷನ್ ಫೈಲಿನಲ್ಲಿ ದಿನ ಮತ್ತು ತಿಂಗಳು ಅದಲುಬದಲಾಗಿದ್ದವು. ವಾರದ ಆಪ್ಷನ್‌ಗೆ ತಿಂಗಳುಗಟ್ಟಲೆ ಬಾಕಿ ಇದ್ದಂತೆ ಕಾಣುತ್ತಿತ್ತು. ಎರಡು ಸಲ ಬರೆದ ಮೇಲೆ ಸರಿ ಫೈಲ್ ಕಳಿಸಿದರು. ದುಡ್ಡು ತೆಗೆದುಕೊಳ್ಳುವವರು ಎಕ್ಸ್‌ಪೈರಿ ತಾರೀಖನ್ನಾದರೂ ಒಮ್ಮೆ ನೋಡಿ ಕಳಿಸಬೇಕು. ಆದರೆ ನನ್ನ 42ಕ್ಕೂ ಆ ಫೈಲಿಗೂ ಸಂಬಂಧವೇ ಇರಲಿಲ್ಲ.

ಎರಡನೇ ಭಾನುವಾರ ಇನ್ನೂ ಕೆಟ್ಟದ್ದು ಆಯಿತು. ಸೂತ್ರದಲ್ಲಿ `-0.08` ಅನ್ನುವ ತುಣುಕು ಇದೆ, ವೊಲಟಿಲಿಟಿಯ ವರ್ಗದ ಅರ್ಧ. ಅದನ್ನು ತೆಗೆದು ನೋಡಿದೆ. ಎಣಿಕೆ 50ಕ್ಕೆ ಏರಿತು! ಸರಿ ದಾರಿ ಸಿಕ್ಕಿತು ಎಂದು ಕುಣಿದೆ. ಊಟ ಮುಗಿಸಿ ಬಂದು ಕೊನೆಯ ಬೆಲೆಗಳ ಸರಾಸರಿ ನೋಡಿದರೆ 108.3. ಬಡ್ಡಿ ಸೊನ್ನೆ ಇರುವಾಗ ಸರಾಸರಿ 100 ಆಗಲೇಬೇಕು. ಇಂಥ ಸಿಮ್ಯುಲೇಟರ್ ಬರೆಯುವವರು ಬೇರೆ ಏನು ನೋಡುವ ಮೊದಲೂ ಈ ಸರಾಸರಿ ನೋಡಿ. ಅದು ತಪ್ಪಿದ್ದರೆ ಮುಂದಿನದೆಲ್ಲ ತಪ್ಪು. ತುಣುಕನ್ನು ವಾಪಸ್ ಹಾಕಿದೆ. ಮತ್ತೆ 42.

ಮೂರನೇ ಭಾನುವಾರ ಜೋರು ಮಳೆ, ಜಯನಗರದಲ್ಲಿ ಕರೆಂಟ್ ಹೋಯಿತು, ಲ್ಯಾಪ್‌ಟಾಪ್ ಬ್ಯಾಟರಿ ಮುಗಿಯಿತು. ಅದಕ್ಕೆ ಮೊದಲು ಕೆಲವು ದಾರಿಗಳ ಕೊನೆಯ ಬೆಲೆಗಳನ್ನು ನೋಟ್‌ಬುಕ್‌ನಲ್ಲಿ ಬರೆದುಕೊಂಡಿದ್ದೆ. ಕಾಫಿ ಕುಡಿಯುತ್ತಾ ಸುಮ್ನೆ ಅವನ್ನೇ ನೋಡಿದೆ.

ಒಂದು ದಾರಿ 80ರಲ್ಲಿ ಮುಗಿದಿತ್ತು. 101ರಿಂದ ಹೊರಟಿದ್ದರೆ 80.80 ಆಗುತ್ತಿತ್ತು. ಕಾಲ್‌ಗೆ ಆಗಲೂ ಸೊನ್ನೆ, ಈಗಲೂ ಸೊನ್ನೆ. ಇನ್ನೊಂದು 110ರಲ್ಲಿ ಮುಗಿದಿತ್ತು, ಅದು 111.10 ಆಗುತ್ತದೆ. ಕಾಲ್‌ಗೆ ಒಂದು ರೂಪಾಯಿ ಹತ್ತು ಪೈಸೆ ಜಾಸ್ತಿ. ಮತ್ತೊಂದು 160. ಅದು 161.60 ಆಗುತ್ತದೆ, ಜಾಸ್ತಿ ಆಗುವುದು ಒಂದು ರೂಪಾಯಿ ಅರವತ್ತು ಪೈಸೆ.

ಅಲ್ಲೇ ಹೊಳೆಯಿತು. ಆರಂಭದ ಬೆಲೆ ಒಂದು ಪರ್ಸೆಂಟ್ ಏರಿದರೆ ಪ್ರತಿ ದಾರಿಯ ಕೊನೆಯೂ ಒಂದು ಪರ್ಸೆಂಟ್ ಏರುತ್ತದೆ, ಒಂದು ರೂಪಾಯಿಯಲ್ಲ. ಐಟಿಎಂ ಆದ ದಾರಿಗೆಲ್ಲ ಒಂದೊಂದು ರೂಪಾಯಿ ಸಿಕ್ಕಿದ್ದರೆ ಡೆಲ್ಟಾ ಮತ್ತು ಸಾಧ್ಯತೆ ಎರಡೂ ಒಂದೇ ಆಗುತ್ತಿದ್ದವು. ಆದರೆ ದೂರ ಹೋದ ದಾರಿಗೆ ಒಂದು ರೂಪಾಯಿಗಿಂತ ಎಷ್ಟೋ ಜಾಸ್ತಿ ಸಿಗುತ್ತದೆ. ಸಾಧ್ಯತೆ ಆ ದಾರಿಗಳನ್ನು ಬರೀ ಎಣಿಸುತ್ತದೆ. ಡೆಲ್ಟಾ ಅವುಗಳನ್ನು ತೂಗುತ್ತದೆ.

ಕರೆಂಟ್ ಬಂದ ಕೂಡಲೇ ಬರೆದದ್ದು ಇಷ್ಟೇ:

```python
import numpy as np
rng = np.random.default_rng(1)
z = rng.standard_normal(100_000)
ST = 100 * np.exp(-0.08 + 0.40 * z)
itm = ST > 100
print(itm.mean(), (ST * itm).mean() / 100)
```

ಮೊದಲ ಸಂಖ್ಯೆ 0.42, ಎರಡನೆಯದು 0.58. ಐಟಿಎಂ ಆದ ದಾರಿಗಳ ಸರಾಸರಿ ಕೊನೆ 137.7. 0.421ನ್ನು 1.377ರಿಂದ ಗುಣಿಸಿ, 0.579 ಬರುತ್ತದೆ. ಬ್ಲ್ಯಾಕ್-ಶೋಲ್ಸ್ ಸೂತ್ರದ `N(d2)` ಮತ್ತು `N(d1)` ಇವೇ. ಸೂತ್ರವನ್ನು ಎಷ್ಟೋ ಸಲ ಬರೆದಿದ್ದೇನೆ, ಎರಡರ ನಡುವಿನ ವ್ಯತ್ಯಾಸ ಈ 137.7 ಎಂದು ಯಾವತ್ತೂ ಕಂಡಿರಲಿಲ್ಲ. ಸಾಧ್ಯತೆ 50ಕ್ಕಿಂತ ಕಡಿಮೆ ಯಾಕೆ ಎನ್ನುವುದೂ ಇಲ್ಲೇ ಇದೆ. ಕೆಲವು ದಾರಿಗಳು ತುಂಬಾ ಮೇಲೆ ಹೋಗಿ ಸರಾಸರಿಯನ್ನು 100ರಲ್ಲಿ ನಿಲ್ಲಿಸುತ್ತವೆ. ಅದಕ್ಕೆ ಸರಿದೂಗಲು ಅರ್ಧ ದಾರಿಗಳು 92.3ಕ್ಕಿಂತ ಕೆಳಗೇ ಮುಗಿಯುತ್ತವೆ.

ಹಾಗಾದರೆ ಗೆಳೆಯ ಹೇಳಿದ್ದು ತಪ್ಪಾ? ಅವನ ವ್ಯವಹಾರಕ್ಕೆ ತಪ್ಪಲ್ಲ. ಏಳು ದಿನ, 14 ಪರ್ಸೆಂಟ್ ವೊಲಟಿಲಿಟಿ ಹಾಕಿದೆ. ಸ್ಟ್ರೈಕ್ ಷೇರಿನ ಬೆಲೆಗೇ ಸಮ ಇರುವ ಎಟಿಎಂ ಕಾಲ್‌ನ ಡೆಲ್ಟಾ 0.504, ಸಾಧ್ಯತೆ 0.496. ವಾರದೊಳಗೆ ಯಾವ ದಾರಿಯೂ ಅಷ್ಟು ದೂರ ಹೋಗುವುದಿಲ್ಲ, ಹಾಗಾಗಿ ಎಣಿಸಿದರೂ ತೂಗಿದರೂ ಹೆಚ್ಚುಕಡಿಮೆ ಒಂದೇ. ಅಂತರವನ್ನು ಬೆಳೆಸುವುದು ವೊಲಟಿಲಿಟಿ ಮತ್ತು ಅವಧಿಯ ವರ್ಗಮೂಲದ ಗುಣಲಬ್ಧ. ವಾರದ ಆಪ್ಷನ್‌ಗೆ ಅದು 0.02ರ ಆಸುಪಾಸು, ನನ್ನ ಉದಾಹರಣೆಗೆ 0.40.

ಪುಟ್ ಕಡೆ ಇದು ತಿರುಗಾಮುರುಗಾ. ಅದೇ ಒಂದು ವರ್ಷದ ಪುಟ್‌ನ ಡೆಲ್ಟಾ ಮೈನಸ್ 0.42, ಆದರೆ ಐಟಿಎಂ ಆಗುವ ಸಾಧ್ಯತೆ 58. ದೀರ್ಘಾವಧಿಯ ಪುಟ್ ಮಾರುವವರು ಇದನ್ನು ಗಮನಿಸಿ. ಕಾಲ್ ಮಾರುವಾಗ ಡೆಲ್ಟಾ ನಿಮ್ಮನ್ನು ಸುಮ್ನೆ ಹೆದರಿಸುತ್ತದೆ. ಪುಟ್ ಮಾರುವಾಗ ಇಲ್ಲದ ಧೈರ್ಯ ಕೊಡುತ್ತದೆ, ಅದೇ ಜಾಸ್ತಿ ಅಪಾಯ.

ಇನ್ನೊಂದು ಮಾತು. ಈ 42 ಕೂಡ ಭವಿಷ್ಯವಾಣಿ ಅಲ್ಲ. ಷೇರು ಸರಾಸರಿಯಲ್ಲಿ ಬಡ್ಡಿಯಷ್ಟೇ ಬೆಳೆಯುತ್ತದೆ ಎಂದು ಇಟ್ಟುಕೊಂಡು ಬೆಲೆ ಕಟ್ಟುವ ಲೆಕ್ಕದ ಸಂಖ್ಯೆ ಅದು. ನಿಜವಾದ ಷೇರು ವರ್ಷಕ್ಕೆ ಹತ್ತು ಪರ್ಸೆಂಟ್ ಬೆಳೆಯುವಂಥದ್ದಾದರೆ ಎಣಿಕೆ ಮೇಲೆ ಹೋಗುತ್ತದೆ, ಆದರೆ ಆಪ್ಷನ್‌ನ ಡೆಲ್ಟಾ ಅದರಿಂದ ಬದಲಾಗುವುದಿಲ್ಲ. ಐಟಿಎಂ ಅಂದರೆ ಲಾಭ ಅಂತಲೂ ಅಲ್ಲ. 15.85 ಕೊಟ್ಟು ಕೊಂಡವರಿಗೆ ಷೇರು 115.85 ದಾಟಬೇಕು, ಅದರ ಸಾಧ್ಯತೆ 28.5 ಪರ್ಸೆಂಟಿನಷ್ಟು.

ಇದನ್ನೆಲ್ಲ ಫೋನಿನಲ್ಲಿ ಹೇಳಿದಾಗ ಗೆಳೆಯ ಒಳ್ಳೆಯ ಪ್ರಶ್ನೆ ಕೇಳಿದ. "ಕೊನೇ ದಿನದ ಕಥೆ ಬಿಡು, ಮಧ್ಯದಲ್ಲಿ ಒಂದ್ಸಲ ಸ್ಟ್ರೈಕ್ ಮುಟ್ಟೋ ಚಾನ್ಸ್ ಎಷ್ಟು?" ಅವನಿಗೆ ನಡುಗುವುದು ಆಗಲೇ. ಬೆಲೆ ಇನ್ನೂ ಮುಟ್ಟದ ಓಟಿಎಂ ಸ್ಟ್ರೈಕ್‌ಗೆ ಅದು ಐಟಿಎಂ ಸಾಧ್ಯತೆಯ ಸುಮಾರು ಎರಡು ಪಟ್ಟು ಎಂಬ ಲೆಕ್ಕ ಇದೆ. ಮುಟ್ಟಿದ ಮೇಲೆ ಅಲ್ಲಿಂದ ಮೇಲಕ್ಕೂ ಕೆಳಕ್ಕೂ ಹೋಗುವ ಸಾಧ್ಯತೆ ಹೆಚ್ಚುಕಡಿಮೆ ಸಮ, ಅದಕ್ಕೆ. ನನ್ನ ಕೋಡ್ ಈಗ ಒಂದೇ ಹೆಜ್ಜೆಯಲ್ಲಿ ಕೊನೆಗೆ ಹಾರುತ್ತದೆ, ಮಧ್ಯದ ದಿನಗಳೇ ಅದರಲ್ಲಿ ಇಲ್ಲ. 252 ಹೆಜ್ಜೆಗಳಾಗಿ ಒಡೆಯಬೇಕು. ಒಂದು ಲಕ್ಷ ದಾರಿಗಳಿಗೆ 200 ಎಂಬಿ ಮೆಮೊರಿ, ಲ್ಯಾಪ್‌ಟಾಪ್ ತಡೆಯುತ್ತದೆ. ಆದರೆ ದಿನಕ್ಕೊಮ್ಮೆ ಮಾತ್ರ ನೋಡಿದರೆ ನಡುವೆ ಮುಟ್ಟಿ ವಾಪಸ್ ಬಂದದ್ದು ತಪ್ಪಿಹೋಗುತ್ತದೆ, ಎಣಿಕೆ ನಿಜವಾದ ಮುಟ್ಟುವ ಸಾಧ್ಯತೆಗಿಂತ ಕಡಿಮೆ ಬರಬೇಕು. ಎಷ್ಟು ಕಡಿಮೆ ಅನ್ನುವುದನ್ನು ಮುಂದಿನ ಭಾನುವಾರ ನೋಡುತ್ತೇನೆ.