ಹತ್ತು ಮನೆಗಳ ಗೆರೆ: ಕೆಳಗಿನ ಅರ್ಧಕ್ಕೆ ಎಷ್ಟು ಪಾಲು?

ಆದಾಯದ ಅಸಮಾನತೆ ತೋರಿಸುವ ಗೆರೆಯನ್ನು ಗ್ರಾಫ್ ಹಾಳೆಯ ಮೇಲೆ ಕೈಯಲ್ಲೇ ಎಳೆಯಬೇಕು. ಅದನ್ನು ನೋಡಿದವರಿಗೆ ಓದಲೂ ಬರಬೇಕು. ವಿರಾಜಪೇಟೆ ಕಡೆಯ ನಮ್ಮ ಓದುಗರ ಗುಂಪಿಗಾಗಿ ನಾನು ಹಿಡಿದಿರುವ ಕೆಲಸ ಇದು. ಈವರೆಗೆ ಎಲ್ಲಿಗೆ ಬಂದಿದೆ ಅಂತ ಬರೆದಿಡುತ್ತಿದ್ದೇನೆ.

ಮೊದಲ ಗೆರೆ

ಅಮೆರಿಕದ ಮ್ಯಾಕ್ಸ್ ಲೊರೆಂಜ್ 1905ರಲ್ಲಿ ಈ ಗೆರೆಯನ್ನು ಮುಂದಿಟ್ಟರು. ಅದಕ್ಕೇ ಇದನ್ನು ಲೊರೆಂಜ್ ರೇಖೆ ಅನ್ನುತ್ತಾರೆ. ಎಳೆಯುವ ಕೆಲಸ ಸುಲಭ. ಮನೆಗಳನ್ನು ಕಡಿಮೆ ಆದಾಯದಿಂದ ಜಾಸ್ತಿ ಆದಾಯದ ಕಡೆಗೆ ಸಾಲಾಗಿ ನಿಲ್ಲಿಸಬೇಕು. ಒಂದೊಂದೇ ಮನೆಯ ಆದಾಯ ಕೂಡಿಸುತ್ತಾ, ಅಲ್ಲಿಯವರೆಗಿನ ಮೊತ್ತ ಊರಿನ ಒಟ್ಟು ಆದಾಯದಲ್ಲಿ ಎಷ್ಟು ಪಾಲು ಅಂತ ನೋಡಬೇಕು. ಅಡ್ಡಕ್ಕೆ ಮನೆಗಳ ಪಾಲು, ಮೇಲಕ್ಕೆ ಆದಾಯದ ಪಾಲು.

ಯಾರ ಮನೆಯ ನಿಜವಾದ ಲೆಕ್ಕವೂ ನನಗೆ ಬೇಡ. ಹಾಗಾಗಿ ಹತ್ತು ಮನೆಗಳ ಒಂದು ಊರನ್ನು ನಾನೇ ಕಲ್ಪಿಸಿಕೊಂಡೆ. ವರ್ಷದ ಆದಾಯ ಲಕ್ಷ ರೂಪಾಯಿಗಳಲ್ಲಿ ಹೀಗಿದೆ. ತೋಟದ ಕಾರ್ಮಿಕರ ಲೈನ್ ಮನೆಗಳ ಮೂರು ಕುಟುಂಬಗಳಿಗೆ 1, 1.2, 1.3. ಬಟ್ಟೆ ಹೊಲಿಯುವವರಿಗೆ 1.5. ಆಟೋ ಓಡಿಸುವವರಿಗೆ 2. ಸಣ್ಣ ಅಂಗಡಿಗೆ 3. ಸಣ್ಣ ಕಾಫಿ ಬೆಳೆಗಾರರಿಗೆ 4. ಸಂಬಳದ ಕೆಲಸದವರಿಗೆ 6. ಇನ್ನಿಬ್ಬರು ದೊಡ್ಡ ಬೆಳೆಗಾರರಿಗೆ 10 ಮತ್ತು 20. ಒಟ್ಟು 50 ಲಕ್ಷ.

ಕೂಡಿಸುತ್ತಾ ಹೋದರೆ ಪಾಲುಗಳು 2, 4.4, 7, 10, 14, 20, 28, 40, 60, 100 ಶೇಕಡ ಆಗುತ್ತವೆ. ಈಗ ಅಡ್ಡ ಗೆರೆಯ 50ರ ಹತ್ತಿರ ಬೆರಳಿಟ್ಟು ನೇರ ಮೇಲಕ್ಕೆ ಹೋಗಿ. ಗೆರೆ ಸಿಗುವುದು 14ರಲ್ಲಿ. ಅಂದರೆ ಐದು ಬಡ ಮನೆಗಳು ಸೇರಿ ಊರಿನ ನೂರು ರೂಪಾಯಿಯಲ್ಲಿ 14 ರೂಪಾಯಿ ಪಡೆಯುತ್ತವೆ. ಎಲ್ಲರಿಗೂ ಸಮ ಬಂದಿದ್ದರೆ 50 ಇರಬೇಕಿತ್ತು. ಆ ಸಮಪಾಲನ್ನು ಮೂಲೆಯಿಂದ ಮೂಲೆಗೆ ಹೋಗುವ ಓರೆ ಗೆರೆ ತೋರಿಸುತ್ತದೆ. ನಮ್ಮ ಗೆರೆ ಅದರಿಂದ ಎಷ್ಟು ಕೆಳಗೆ ಜೋತು ಬಿದ್ದಿದೆಯೋ ಅಷ್ಟು ಅಸಮಾನತೆ.

ಎಳೆದ ಗೆರೆ ಸರಿಯಿದೆಯಾ ಅಂತ ಕಣ್ಣಿನಲ್ಲೇ ಹೇಳಬಹುದು. ಅದು ಸೊನ್ನೆಯಲ್ಲಿ ಶುರುವಾಗಿ ನೂರರಲ್ಲಿ ಮುಗಿಯಬೇಕು. ಮುಂದೆ ಹೋದಂತೆ ಕಡಿದಾಗಬೇಕೇ ಹೊರತು ಮಧ್ಯದಲ್ಲಿ ಚಪ್ಪಟೆಯಾಗಬಾರದು. ಹಾಗಾದರೆ ಯಾವುದೋ ಮನೆ ಸಾಲು ತಪ್ಪಿ ನಿಂತಿದೆ ಅಂತ ಅರ್ಥ. ಓರೆ ಗೆರೆಯನ್ನು ದಾಟಿ ಮೇಲೆ ಹೋದರಂತೂ ಸಾಲು ಖಂಡಿತ ತಪ್ಪಿದೆ.

ಒಂದೇ ಸಂಖ್ಯೆಗೆ ಇಳಿಸುವುದು

ಇಟಲಿಯ ಕೊರಾಡೊ ಜಿನಿ 1912ರ ಹೊತ್ತಿಗೆ ಅಸಮಾನತೆಯನ್ನು ಒಂದೇ ಸಂಖ್ಯೆಯಲ್ಲಿ ಹೇಳುವ ಅಳತೆ ಕೊಟ್ಟರು. ಗೆರೆಯ ಲೆಕ್ಕದಲ್ಲಿ ಅದು ಹೀಗೆ: ಓರೆ ಗೆರೆಗೂ ನಮ್ಮ ಗೆರೆಗೂ ನಡುವಿನ ಜಾಗವನ್ನು ಓರೆ ಗೆರೆಯ ಕೆಳಗಿನ ಇಡೀ ತ್ರಿಕೋನದಿಂದ ಭಾಗಿಸಬೇಕು. ಎಲ್ಲರಿಗೂ ಸಮ ಇದ್ದರೆ 0. ಎಲ್ಲವೂ ಒಬ್ಬರ ಕೈಯಲ್ಲಿದ್ದರೆ 1ರ ಹತ್ತಿರ. ಕೈಯಲ್ಲಿ ಮಾಡಿದ ಲೆಕ್ಕವನ್ನು ಇದರಿಂದ ತಾಳೆ ನೋಡಿದೆ:

```python
x = sorted([1, 1.2, 1.3, 1.5, 2, 3, 4, 6, 10, 20])
n, s = len(x), sum(x)
L, c = [0], 0
for v in x:
    c += v
    L.append(c / s)
G = 1 - sum(L[i] + L[i+1] for i in range(n)) / n
print(round(L[n//2], 4), round(G, 4))
```

ಬಂದದ್ದು 0.14 ಮತ್ತು 0.5292. ಮೊದಲನೆಯದು ಕೆಳಗಿನ ಅರ್ಧದ ಪಾಲು, ಎರಡನೆಯದು ಜಿನಿ ಸೂಚ್ಯಂಕ.

ಇದೇ ಊರನ್ನು ಎರಡೆರಡು ಮನೆಗಳ ಐದು ಗುಂಪು ಮಾಡಿ ಲೆಕ್ಕ ಹಾಕಿದರೆ ಜಿನಿ 0.50 ಮಾತ್ರ ಬರುತ್ತದೆ. ಗುಂಪಿನ ಒಳಗಿನ ವ್ಯತ್ಯಾಸ ಮರೆಯಾಗುವುದೇ ಕಾರಣ. ಐದು ಸಾಲಿನ ಕೋಷ್ಟಕದಿಂದ ತೆಗೆದ ಜಿನಿ ಯಾವಾಗಲೂ ಸ್ವಲ್ಪ ಕಡಿಮೆ ಹೇಳುತ್ತದೆ.

ಒಂದೇ ಜಿನಿ, ಎರಡು ಊರು

ಈ ಭಾಗಕ್ಕೆ ನಾನು ಜಾಸ್ತಿ ಹೊತ್ತು ಕೊಟ್ಟೆ. ಎರಡನೇ ಊರಲ್ಲೂ ಹತ್ತು ಮನೆ, ಒಟ್ಟು 50 ಲಕ್ಷವೇ. ಆದರೆ ಇಲ್ಲಿ ಒಂಬತ್ತು ಮನೆಗಳಿಗೆ ತಲಾ 2.06 ಲಕ್ಷ. ಉಳಿದ 31.46 ಲಕ್ಷ ಒಂದೇ ಎಸ್ಟೇಟ್ ಮನೆಗೆ. ಲೆಕ್ಕ ಹಾಕಿ ನೋಡಿ, ಜಿನಿ ಮತ್ತೆ 0.5292. ಒಂದು ಅಂಕೆಯೂ ಬದಲಾಗುವುದಿಲ್ಲ.

ಆದರೆ ಇಲ್ಲಿ ಕೆಳಗಿನ ಅರ್ಧದ ಪಾಲು 20.6 ಶೇಕಡ. ಮೊದಲ ಊರಿನಲ್ಲಿ 14 ಇತ್ತು. ಲೈನ್ ಮನೆಯಲ್ಲಿ 1 ಲಕ್ಷಕ್ಕೆ ದುಡಿಯುವ ಕುಟುಂಬದ ಕಡೆಯಿಂದ ನೋಡಿದರೆ ಇವು ಬೇರೆ ಬೇರೆ ಲೋಕಗಳು. ಎರಡನೇ ಊರಿನಲ್ಲಿ ಅದೇ ಕುಟುಂಬಕ್ಕೆ ಎರಡು ಪಟ್ಟು ಸಿಗುತ್ತದೆ. ಅಲ್ಲಿನ ಅಸಮಾನತೆಯೆಲ್ಲ ತುದಿಯ ಒಂದು ಮನೆಯಲ್ಲಿದೆ. ಮೊದಲ ಊರಿನಲ್ಲಿ ಅದು ಮೇಲಿನಿಂದ ಕೆಳಗಿನವರೆಗೂ ಹರಡಿದೆ.

ಒಂದೇ ಹಾಳೆಯಲ್ಲಿ ಎರಡನ್ನೂ ಎಳೆದಾಗ ಗುಟ್ಟು ಕಾಣುತ್ತದೆ. ಗೆರೆಗಳು 70 ಮತ್ತು 80ರ ನಡುವೆ ಒಂದನ್ನೊಂದು ದಾಟುತ್ತವೆ. ಅಲ್ಲಿಯವರೆಗೆ ಎರಡನೇ ಊರಿನ ಗೆರೆ ಮೇಲಿದೆ, ಆಮೇಲೆ ಕೆಳಗಿಳಿಯುತ್ತದೆ. ಒಂದು ಗೆರೆ ಪೂರ್ತಿ ಇನ್ನೊಂದರ ಮೇಲೇ ಇದ್ದರೆ ಯಾವ ಊರು ಹೆಚ್ಚು ಸಮಾನ ಅನ್ನುವುದರಲ್ಲಿ ಚರ್ಚೆಯಿಲ್ಲ. ದಾಟಿದರೆ ಮಾತ್ರ ಕೆಳಗಿನವರ ಕಷ್ಟಕ್ಕೆ ತೂಕ ಕೊಡುತ್ತೀರಾ, ತುದಿಯ ಗುಡ್ಡೆಗೆ ಕೊಡುತ್ತೀರಾ ಅನ್ನುವುದರ ಮೇಲೆ ಉತ್ತರ ನಿಲ್ಲುತ್ತದೆ. ಬ್ರಿಟನ್ನಿನ ಆಂಟನಿ ಆಟ್ಕಿನ್ಸನ್ 1970ರಲ್ಲಿ ಇದನ್ನೇ ಗಣಿತದಲ್ಲಿ ತೋರಿಸಿದರು. ಹಾಗಾಗಿ ನಮ್ಮ ಹಾಳೆಯಲ್ಲಿ ಜಿನಿಯನ್ನು ಒಂಟಿಯಾಗಿ ಬರೆಯುವುದಿಲ್ಲ ಅಂತ ತೀರ್ಮಾನಿಸಿದ್ದೇನೆ. ಪಕ್ಕದಲ್ಲೇ ಕೆಳಗಿನ ಅರ್ಧದ ಪಾಲು ಇರಲೇಬೇಕು.

ಬೆಳೆಗಾರರ ಪ್ರಶ್ನೆ

ಹಾಳೆಯನ್ನು ಪಕ್ಕದ ತೋಟದ ಅಣ್ಣನಿಗೆ ತೋರಿಸಿದೆ. ಅವರು ಏಳನೇ ಮನೆಯ ಮೇಲೆ ಬೆರಳಿಟ್ಟರು.

"ಇವರನ್ನ ಯಾವ ತಿಂಗಳಲ್ಲಿ ಕೇಳಿದ್ದೀರಿ? ಅಕ್ಟೋಬರ್‌ನಲ್ಲಿ ಕೇಳಿದ್ರೆ ನನ್ನ ಆದಾಯ ಸೊನ್ನೆ. ಕಳೆ ತೆಗೆಸೋದು, ಗೊಬ್ಬರ ಹಾಕಿಸೋದು, ಬರೀ ಖರ್ಚೇ."

"ವರ್ಷದ್ದು ಹಾಕಿದ್ದೀನಿ ಅಣ್ಣ."

"ಹಾಗಾದ್ರೆ ತಿಂಗಳದ್ದೂ ಹಾಕಿ ನೋಡಿ."

ಎಷ್ಟು ಒಳ್ಳೆಯ ಪ್ರಶ್ನೆ! ಕೊಡಗಿನಲ್ಲಿ ಅರೇಬಿಕಾ ಮೊದಲು ಕೊಯ್ಲಿಗೆ ಬರುತ್ತದೆ, ರೊಬಸ್ಟಾ ಆಮೇಲೆ. ಕಣದಲ್ಲಿ ಒಣಗಿಸಿ ಮಾರುವ ಹೊತ್ತಿಗೆ ವರ್ಷದ ದುಡ್ಡೆಲ್ಲ ಒಟ್ಟಿಗೆ ಬರುತ್ತದೆ. ಲೆಕ್ಕ ಸರಳವಾಗಿರಲಿ ಅಂತ ಮೂವರು ಬೆಳೆಗಾರರ ಇಡೀ ಆದಾಯ ಮಾರ್ಚ್‌ನಲ್ಲೇ ಬಂತು ಅಂತ ಇಟ್ಟುಕೊಂಡೆ. ಉಳಿದ ಏಳು ಮನೆಗಳಿಗೆ ಹನ್ನೆರಡೂ ತಿಂಗಳು ಸಮ. ನಿಜದಲ್ಲಿ ಕೊಯ್ಲಿನಲ್ಲಿ ಕಿಲೋ ಲೆಕ್ಕದ ಕೂಲಿ ಇರುವುದರಿಂದ ಕಾರ್ಮಿಕರ ಆದಾಯವೂ ಏರಿಳಿಯುತ್ತದೆ. ಅದನ್ನು ಸದ್ಯಕ್ಕೆ ಬಿಟ್ಟಿದ್ದೇನೆ.

ಮಾರ್ಚ್ ಲೆಕ್ಕ: ಊರಿಗೆ ಬಂದದ್ದು ಸುಮಾರು 35.3 ಲಕ್ಷ. ಕೆಳಗಿನ ಐದು ಮನೆಗಳದ್ದು ಸುಮಾರು 58 ಸಾವಿರ. ಪಾಲು 1.7 ಶೇಕಡ, ಜಿನಿ 0.76. ಗೆರೆ ನೆಲಕ್ಕೆ ಅಂಟಿಕೊಂಡು ಹೋಗಿ ಕೊನೆಯಲ್ಲಿ ಗೋಡೆ ಹತ್ತಿದಂತೆ ಏಳುತ್ತದೆ.

ಅಕ್ಟೋಬರ್ ಲೆಕ್ಕ ನನಗೆ ಇನ್ನೂ ಮುಖ್ಯ ಅನ್ನಿಸಿತು. ಮೂವರು ಬೆಳೆಗಾರರಿಗೆ ಸೊನ್ನೆ. ಹಾಗಾಗಿ ಸಾಲಿನ ಮೊದಲ ಮೂರು ಜಾಗ ಅವರದ್ದೇ. ಆಮೇಲೆ ಲೈನ್ ಮನೆಗಳ ಎರಡು ಕುಟುಂಬ. ಈ ಐದರ ಪಾಲು 13.75 ಶೇಕಡ, ಜಿನಿ 0.54. ವರ್ಷದ ಲೆಕ್ಕದಲ್ಲಿ ಬಂದದ್ದು 14 ಮತ್ತು 0.53, ಅಲ್ವಾ? ಹೆಚ್ಚುಕಡಿಮೆ ಅದೇ ಗೆರೆ. ಆದರೆ "ಕೆಳಗಿನ ಅರ್ಧ" ಅನ್ನುವ ಸಾಲಿನಲ್ಲಿ ಈಗ ಊರಿನ ಅತಿ ಶ್ರೀಮಂತ ಎರಡು ಮನೆಗಳೂ ನಿಂತಿವೆ. ಗೆರೆಗೆ ಮನೆಗಳ ಹೆಸರು ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಆದಾಯದ ಸಾಲು ಮಾತ್ರ. ಗೆರೆ ಬದಲಾಗದೆ ಇದ್ದರೂ ಅದರ ಒಳಗಿನ ಜನ ಪೂರ್ತಿ ಬದಲಾಗಿರಬಹುದು.

ಅಣ್ಣ ಹೇಳಿದ ಖರ್ಚನ್ನೂ ಕಳೆದರೆ ಅಕ್ಟೋಬರ್‌ನಲ್ಲಿ ಬೆಳೆಗಾರರ ಆದಾಯ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಆಗ ಗೆರೆ ಮೊದಲು ಹಾಳೆಯ ತಳ ದಾಟಿ ಕೆಳಗಿಳಿದು ಆಮೇಲೆ ಏಳುತ್ತದೆ. ನಷ್ಟ ದೊಡ್ಡದಿದ್ದರೆ ಜಿನಿ 1ನ್ನೂ ಮೀರಬಹುದು. ಅಂಥ ಸಂಖ್ಯೆಯನ್ನು ಬೇರೆ ಊರಿನ ಜಿನಿಯ ಜೊತೆ ಹೋಲಿಸುವುದರಲ್ಲಿ ಅರ್ಥವಿಲ್ಲ. ಬೆಳೆ ಕೆಟ್ಟ ವರ್ಷದಲ್ಲಿ ವರ್ಷದ ಲೆಕ್ಕಕ್ಕೂ ಇದೇ ತೊಂದರೆ ಬರುತ್ತದೆ. ಹಾಗಾಗಿ ಬೆಳೆಗಾರರ ಊರಿಗೆ ಒಂದಕ್ಕಿಂತ ಹೆಚ್ಚು ವರ್ಷಗಳ ಸರಾಸರಿಯೇ ಸರಿ ಅನ್ನುವುದು ನನ್ನ ಅಭಿಪ್ರಾಯ.

ದೇಶದ ಸಂಖ್ಯೆಗಳ ಪಕ್ಕದಲ್ಲಿ

ಅಣ್ಣನ ಪ್ರಶ್ನೆಯಿಂದ ಇನ್ನೊಂದು ವಿಷಯವೂ ನನಗೆ ಸ್ಪಷ್ಟವಾಯಿತು. ಕೇಂದ್ರ ಸರ್ಕಾರದ 2023-24ರ ಗೃಹ ಬಳಕೆ ವೆಚ್ಚ ಸಮೀಕ್ಷೆಯಲ್ಲಿ ಗ್ರಾಮೀಣ ಭಾರತದ ಜಿನಿ 0.237, ನಗರದ್ದು 0.284. ಇದನ್ನು ನೋಡಿ ನಮ್ಮಲ್ಲಿ ಆದಾಯ ಚೆನ್ನಾಗಿ ಹಂಚಿಕೆಯಾಗಿದೆ ಅಂತ ಹೇಳುವವರಿದ್ದಾರೆ. ಆದರೆ ಆ ಸಮೀಕ್ಷೆ ಕೇಳಿದ್ದು ಖರ್ಚನ್ನು, ಆದಾಯವನ್ನಲ್ಲ. ಅಕ್ಟೋಬರ್‌ನಲ್ಲಿ ಆದಾಯ ಸೊನ್ನೆಯಾದ ಬೆಳೆಗಾರರೂ ಊಟ ಮಾಡುತ್ತಾರೆ, ಮಕ್ಕಳ ಫೀಸ್ ಕಟ್ಟುತ್ತಾರೆ. 20 ಲಕ್ಷ ಬಂದವರು 20 ಲಕ್ಷವನ್ನೂ ಖರ್ಚು ಮಾಡುವುದಿಲ್ಲ, ಉಳಿಸುತ್ತಾರೆ. 1 ಲಕ್ಷದವರಿಗೆ ಬಂದದ್ದೆಲ್ಲ ಖರ್ಚಿಗೇ ಸರಿ. ಹಾಗಾಗಿ ಖರ್ಚಿನ ಗೆರೆ ಓರೆ ಗೆರೆಗೆ ಹತ್ತಿರವೇ ಇರುತ್ತದೆ.

ಆದಾಯದ ಕಡೆಯಿಂದ ನೋಡಿದರೆ, 2022ರ ವಿಶ್ವ ಅಸಮಾನತೆ ವರದಿಯ ಅಂದಾಜಿನಲ್ಲಿ ಭಾರತದ ಕೆಳಗಿನ ಅರ್ಧಕ್ಕೆ ದೇಶದ ಆದಾಯದ 13 ಶೇಕಡ ಬರುತ್ತದೆ, ಮೇಲಿನ ಹತ್ತನೇ ಒಂದು ಭಾಗಕ್ಕೆ 57. ಈ ಅಂದಾಜನ್ನು ತೆರಿಗೆಯ ಲೆಕ್ಕ, ರಾಷ್ಟ್ರೀಯ ಆದಾಯದ ಲೆಕ್ಕ ಎಲ್ಲ ಸೇರಿಸಿ ಮಾಡಿದ್ದಾರೆ. ಖರ್ಚಿನ ಜಿನಿಯ ಪಕ್ಕದಲ್ಲಿ ಇದನ್ನಿಟ್ಟು ಯಾವುದು ಸರಿ ಅಂತ ಜಗಳ ಮಾಡುವುದರಲ್ಲಿ ಹುರುಳಿಲ್ಲ, ಎರಡೂ ಅಳೆದದ್ದೇ ಬೇರೆ.

ಸದ್ಯ ಕೈಯಲ್ಲಿರುವುದು

ಈಗ ಪ್ರತಿ ಗೆರೆಯ ಕೆಳಗೂ ಒಂದು ಸಾಲು ಸೇರಿಸುತ್ತಿದ್ದೇನೆ: ಆದಾಯವೋ ಖರ್ಚೋ, ತಿಂಗಳದ್ದೋ ವರ್ಷದ್ದೋ, ಮನೆಗೋ ತಲೆಗೋ. ಕೊನೆಯದು ಇನ್ನೂ ಬಾಕಿಯಿದೆ. ಸಂಬಳದ ಮನೆಯಲ್ಲಿ 6 ಲಕ್ಷಕ್ಕೆ ಆರು ಜನ, ಆಟೋದವರ ಮನೆಯಲ್ಲಿ 2 ಲಕ್ಷಕ್ಕೆ ಇಬ್ಬರು ಅಂತ ಇಟ್ಟುಕೊಂಡರೆ ತಲೆಗೆ ಬರುವುದು ಎರಡೂ ಕಡೆ 1 ಲಕ್ಷವೇ. ಈಗಿನ ಸಾಲಿನಲ್ಲಿ ಐದನೆಯದು ಮತ್ತು ಎಂಟನೆಯದಾಗಿ ದೂರ ನಿಂತಿರುವ ಈ ಮನೆಗಳು ಆಗ ಒಂದೇ ಜಾಗಕ್ಕೆ ಬರುತ್ತವೆ. ಹತ್ತೂ ಮನೆಗಳಿಗೆ ಜನರ ಸಂಖ್ಯೆ ಬರೆದುಕೊಂಡಿದ್ದೇನೆ. ಮುಂದಿನ ಹಾಳೆಯಲ್ಲಿ ಅಡ್ಡ ಗೆರೆಯ ಮೇಲೆ ಮನೆಗಳ ಬದಲು ತಲೆಗಳನ್ನು ಎಣಿಸಿ ಹೊಸದಾಗಿ ಎಳೆಯುತ್ತೇನೆ.